ಎಣ್ಣೆಗೆ ಇಳಿಯುವ ಕೆಂಪು, ನೀರಿಗೆ ಇಳಿಯುವ ಕೆಂಪು: ಕಬಾಬ್, ಜಹಾಂಗೀರ್ ಮತ್ತು ಕರಿದ ತಿಂಡಿಗಳಲ್ಲಿ ಕೃತಕ ಬಣ್ಣವನ್ನು ಗುರುತಿಸುವ ಬಗೆ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ, ಸಾಗರ, ತೀರ್ಥಹಳ್ಳಿಗಳ ಬಸ್ ನಿಲ್ದಾಣದ ಸುತ್ತಮುತ್ತಲಾಗಲಿ, ಸಂಜೆಯ ಹೊತ್ತು ಕಬಾಬ್ ಗಾಡಿಯ ಮುಂದೆ ನಿಂತವರಲ್ಲಿ ಎರಡು ಬಗೆಯ ಜನ ಸಿಗುತ್ತಾರೆ. ಕೆಂಪಗಿರುವುದೆಲ್ಲ ಕಲರ್ ಎಂದು ಮುಖ ಸಿಂಡರಿಸುವವರು ಒಂದು ಬಗೆ, ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಕೆಂಪಾಗದೆ ಇನ್ನೇನಾಗುತ್ತದೆ ಎಂದು ಸಮಾಧಾನ ಮಾಡಿಕೊಳ್ಳುವವರು ಇನ್ನೊಂದು ಬಗೆ. ಕಣ್ಣಳತೆಯೊಂದನ್ನೇ ನಂಬಿದರೆ ಇಬ್ಬರೂ ತಪ್ಪಬಹುದು. ಆದರೆ ಈ ಎರಡು ಕೆಂಪುಗಳ ನಡುವೆ ಮನೆಯಲ್ಲೇ ನೋಡಬಹುದಾದ ಒಂದು ವ್ಯತ್ಯಾಸವಿದೆ. ಮೆಣಸಿನಕಾಯಿಯ ಕೆಂಪು ಮತ್ತು ಅರಿಶಿನದ ಹಳದಿ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ, ನೀರಿನಲ್ಲಿ ಬಹುಮಟ್ಟಿಗೆ ಕರಗುವುದಿಲ್ಲ. ತಿಂಡಿಗೆ ಹಾಕುವ ಕೃತಕ ಬಣ್ಣಗಳು ಇದಕ್ಕೆ ತಿರುಗುಮುರುಗು: ನೀರಿನಲ್ಲಿ ಕ್ಷಣಾರ್ಧದಲ್ಲಿ ಕರಗುತ್ತವೆ, ಎಣ್ಣೆಗೆ ಇಳಿಯುವುದಿಲ್ಲ. ಮುಂದೆ ಹೇಳುವ ಹೆಚ್ಚಿನ ಪರೀಕ್ಷೆಗಳು ಈ ಒಂದು ಗುಣವನ್ನೇ ಆಧರಿಸಿವೆ.

ಕಾನೂನು ಎಲ್ಲಿಯವರೆಗೆ ಬಿಟ್ಟಿದೆ

ಭಾರತದಲ್ಲಿ ಆಹಾರಕ್ಕೆ ಬಳಸಬಹುದಾದ ಸಿಂಥೆಟಿಕ್ ಬಣ್ಣಗಳು ಎಂಟು. ಕೆಂಪಿಗೆ ಪೊನ್ಸೊ 4ಆರ್, ಕಾರ್ಮೊಯ್ಸಿನ್ ಮತ್ತು ಎರಿಥ್ರೋಸಿನ್, ಹಳದಿ-ಕಿತ್ತಳೆಗೆ ಟಾರ್ಟ್ರಜೀನ್ ಮತ್ತು ಸನ್‌ಸೆಟ್ ಯೆಲ್ಲೋ, ನೀಲಿಗೆ ಇಂಡಿಗೊ ಕಾರ್ಮಿನ್ ಮತ್ತು ಬ್ರಿಲಿಯಂಟ್ ಬ್ಲೂ, ಹಸಿರಿಗೆ ಫಾಸ್ಟ್ ಗ್ರೀನ್. ಇವನ್ನು ಕೂಡ ಎಲ್ಲ ತಿಂಡಿಗೂ ಹಾಕುವಂತಿಲ್ಲ. ಸಿಹಿತಿಂಡಿ, ಬಿಸ್ಕತ್ತು, ಕೇಕು, ಐಸ್‌ಕ್ರೀಮು ಮುಂತಾದವಕ್ಕೆ ಅನುಮತಿ ಇದೆ, ಅದೂ ತಯಾರಾದ ತಿಂಡಿಯ ಒಂದು ಕಿಲೋಗೆ ಎಲ್ಲ ಬಣ್ಣ ಸೇರಿ 100 ಮಿಲಿಗ್ರಾಂ ಮೀರದಂತೆ. ಖಾರದ ತಿಂಡಿಗಳಲ್ಲಿ ದಾಲ್‌ಮೋಟ್‌ನಂಥ ಹೆಸರು ಹೇಳಿದ ಕೆಲವಕ್ಕೆ ಮಾತ್ರ ಈ ಅವಕಾಶವಿದೆ. ಕಬಾಬಿಗೂ ಗೋಬಿ ಮಂಚೂರಿಗೂ ಅದು ಇಲ್ಲವೇ ಇಲ್ಲ.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಎಂಬ, ಆಹಾರಕ್ಕಲ್ಲದ ಗುಲಾಬಿ ಬಣ್ಣ ಹಾಕುವುದನ್ನೂ ನಿಷೇಧಿಸಿತು. ಆಗ ಪರೀಕ್ಷೆಗೆ ಕಳಿಸಿದ್ದ 171 ಗೋಬಿ ಮಾದರಿಗಳ ಪೈಕಿ 107ರಲ್ಲಿ ಬಣ್ಣ ಸಿಕ್ಕಿತ್ತು. ಅದೇ ವರ್ಷದ ಜೂನ್‌ನಲ್ಲಿ ಸಸ್ಯಾಹಾರಿ, ಕೋಳಿ ಮತ್ತು ಮೀನಿನ ಕಬಾಬ್‌ಗಳಿಗೂ ನಿಷೇಧ ಬಂತು. 39 ಕಬಾಬ್ ಮಾದರಿಗಳಲ್ಲಿ 8 ಅಸುರಕ್ಷಿತ ಎಂದು ವರದಿಯಾಗಿದ್ದು, ಸಿಕ್ಕಿದ್ದು ಹೆಚ್ಚಾಗಿ ಸನ್‌ಸೆಟ್ ಯೆಲ್ಲೋ, ಒಂದರಲ್ಲಿ ಕಾರ್ಮೊಯ್ಸಿನ್. ಇಲ್ಲೊಂದು ವಿಷಯವನ್ನು ಗಮನಿಸಬೇಕು. ಸಿಕ್ಕ ಬಣ್ಣಗಳು ಮೇಲಿನ ಎಂಟರ ಪಟ್ಟಿಯಲ್ಲಿಯೇ ಇರುವಂಥವು. ‘ಇದು ಪರ್ಮಿಟೆಡ್ ಕಲರ್ ಸಾರ್’ ಎಂದು ಗಾಡಿಯವನು ಡಬ್ಬಿ ತೋರಿಸಿದರೆ ಅವನು ಸುಳ್ಳು ಹೇಳುತ್ತಿರಲಿಕ್ಕಿಲ್ಲ, ಆದರೆ ಆ ಅನುಮತಿ ಕಬಾಬಿಗೆ ಅನ್ವಯಿಸುವುದಿಲ್ಲ.

ಆದ್ದರಿಂದ ಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ತಿಂಡಿಯಿಂದ ತಿಂಡಿಗೆ ಬೇರೆಯಾಗುತ್ತದೆ. ಕಬಾಬ್ ಮತ್ತು ಗೋಬಿಯಲ್ಲಿ ‘ಬಣ್ಣ ಇದೆಯೋ ಇಲ್ಲವೋ’ ಎಂಬುದೇ ಪ್ರಶ್ನೆ. ಜಹಾಂಗೀರು, ಲಡ್ಡು, ಬರ್ಫಿಯಲ್ಲಿ ‘ಎಷ್ಟಿದೆ’ ಎಂಬುದು ಪ್ರಶ್ನೆ.

ಕಬಾಬ್: ಗಾಡಿಯ ಮುಂದೆ ನೋಡಬೇಕಾದದ್ದು

ಮೊದಲು ಬೆಳಕು. ಗಾಡಿಗೆ ಕಟ್ಟಿದ ಹಳದಿ ಬಲ್ಬಿನ ಕೆಳಗೆ, ಅದಕ್ಕಿಂತ ಮಿಗಿಲಾಗಿ ಕೆಂಪು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಇಟ್ಟ ಕಬಾಬಿನ ಬಣ್ಣವನ್ನು ಅಂದಾಜು ಮಾಡಲಾಗದು. ಒಂದು ತುಂಡನ್ನು ಬಿಳಿ ಕಾಗದದ ಮೇಲೆ ಹಾಕಿಸಿಕೊಂಡು, ಮೊಬೈಲಿನ ಟಾರ್ಚ್ ಹಚ್ಚಿ ನೋಡಬೇಕು.

ಬಣ್ಣ ಹಾಕದ ಕಬಾಬ್ ಒಂದೇ ಸಮನಾಗಿ ಕೆಂಪಗಿರುವುದಿಲ್ಲ. ಕಾದ ಎಣ್ಣೆಯಲ್ಲಿ ಮೆಣಸಿನ ಬಣ್ಣ ಬೇಗ ಕಂದುತ್ತದೆ, ಜೊತೆಗೆ ಕಾರ್ನ್‌ಫ್ಲೋರು, ಮೊಟ್ಟೆ, ಶುಂಠಿ-ಬೆಳ್ಳುಳ್ಳಿಯ ಲೇಪ ಸುಟ್ಟು ಕಂದು ತಿರುಗುತ್ತದೆ. ಹಾಗಾಗಿ ಅದರ ಮೈ ಇಟ್ಟಿಗೆಯ ಬಣ್ಣದಿಂದ ಕಡುಗಂದಿನವರೆಗೆ ಹರಡಿಕೊಂಡಿದ್ದು, ತೆಳುವಾದ ಅಂಚುಗಳು ಹೆಚ್ಚು ಕಪ್ಪಾಗಿರುತ್ತವೆ. ಕೃತಕ ಬಣ್ಣಗಳು ಕರಿಯುವ ಶಾಖವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಆದ್ದರಿಂದ ಬಣ್ಣದ ಕಬಾಬಿನಲ್ಲಿ ಚೂಪಾದ ಅಂಚು, ಬಾಣಲೆಯ ಬದಿಯಲ್ಲಿ ಬಿದ್ದ ಹಿಟ್ಟಿನ ಚೂರು, ದಪ್ಪನೆಯ ಮಧ್ಯಭಾಗ, ಎಲ್ಲವೂ ಒಂದೇ ಕಿತ್ತಳೆಗೆಂಪಿನಲ್ಲಿ ಹೊಳೆಯುತ್ತವೆ. ಜಾಲರಿ ಸೌಟಿನಲ್ಲಿ ಮೇಲೆ ಬರುವ ಚೂರುಗಳನ್ನು ನೋಡುವುದು ನನಗೆ ತಿಳಿದಂತೆ ಅತ್ಯಂತ ಸುಲಭದ ಗುರುತು. ಎರಡು ಮೂರು ಸಲ ಎಣ್ಣೆಯಲ್ಲಿ ತಿರುಗಿದ ಹಿಟ್ಟಿನ ಚೂರು ಕಂದಾಗಲೇಬೇಕು. ಅದು ಇನ್ನೂ ಕುಂಕುಮದಂತೆ ಕಾಣುತ್ತಿದ್ದರೆ ಮುಂದಿನ ಪರೀಕ್ಷೆಗೆ ಕಾಯಬೇಕಾಗಿಲ್ಲ.

ಬಾಣಲೆಯ ಎಣ್ಣೆ ಕೆಂಪಗಿದ್ದರೆ ಕಲರ್ ಹಾಕಿದ್ದಾರೆ ಎಂದು ಹಲವರು ತೀರ್ಮಾನಿಸುತ್ತಾರೆ. ವಾಸ್ತವ ಇದಕ್ಕೆ ಹತ್ತಿರಹತ್ತಿರ ವಿರುದ್ಧವಾಗಿದೆ. ಎಣ್ಣೆಗೆ ಕೆಂಪು ಇಳಿಸುವುದು ಮೆಣಸಿನಪುಡಿ, ಕೃತಕ ಬಣ್ಣ ಎಣ್ಣೆಯಲ್ಲಿ ಕರಗದೆ ಹಿಟ್ಟಿನಲ್ಲಿಯೇ ಉಳಿಯುತ್ತದೆ. ಪೊಟ್ಟಣದ ಕಾಗದಕ್ಕೆ ಹತ್ತಿದ ಕಿತ್ತಳೆ ಬಣ್ಣದ ಎಣ್ಣೆಕಲೆಯೂ ಅಷ್ಟೆ, ಅದರಿಂದ ಗಾಬರಿಯಾಗಬೇಕಾಗಿಲ್ಲ. ಗಮನಿಸಬೇಕಾದದ್ದು ನೀರಿರುವ ಕಡೆ. ಕಬಾಬಿನ ಪಕ್ಕ ಇಟ್ಟ ಈರುಳ್ಳಿಯ ಬಿಲ್ಲೆಯನ್ನು ಎತ್ತಿ ನೋಡಿದಾಗ, ತಾಗಿದ ಜಾಗದಲ್ಲಿ ಎಣ್ಣೆಯ ಜಿಡ್ಡಿಲ್ಲದ ಸ್ಪಷ್ಟ ಗುಲಾಬಿ ಅಥವಾ ಕಿತ್ತಳೆ ಗೆರೆ ಮೂಡಿದ್ದರೆ, ನಿಂಬೆ ಹಿಂಡಿದ ಕೂಡಲೇ ತಟ್ಟೆಯ ತಳಕ್ಕೆ ತಿಳಿಯಾದ ಕೆಂಪು ರಸ ಇಳಿದರೆ, ಅದು ನೀರಿನಲ್ಲಿ ಕರಗುವ ಬಣ್ಣ.

ಮೂರನೆಯ ಗುರುತು ಒಳಗಿನದು. ತುಂಡನ್ನು ಮುರಿದು ಲೇಪವನ್ನು ಸುಲಿಯಬೇಕು. ಮೆಣಸಿನ ಬಣ್ಣ ಲೇಪದಲ್ಲಿ ನಿಂತು, ಒಳಗಿನ ಮಾಂಸ ಬೆಳ್ಳಗೆ ಇರುತ್ತದೆ. ಕೃತಕ ಬಣ್ಣ ಮಸಾಲೆಯ ನೀರು ಮತ್ತು ಉಪ್ಪಿನೊಡನೆ ಮಾಂಸಕ್ಕೆ ಇಳಿಯುವುದರಿಂದ, ಹಲವು ಗಂಟೆ ನೆನೆಸಿದ ತುಂಡಿನಲ್ಲಿ ಲೇಪದ ಕೆಳಗೆ ಕೆಂಪು ಪಟ್ಟಿಯೊಂದು ಕಾಣುತ್ತದೆ ಮತ್ತು ಎಳೆಎಳೆಯೂ ಬಣ್ಣ ಹೀರಿರುತ್ತದೆ. ಮೂಳೆಯ ಸುತ್ತ ಮಾತ್ರ ಕಾಣುವ ಗುಲಾಬಿಯನ್ನು ಇದರೊಡನೆ ಸೇರಿಸಬಾರದು. ಎಳೆಯ ಕೋಳಿಯ ಮೂಳೆಯ ಮಜ್ಜೆಯಿಂದ ಅದು ಸಹಜವಾಗಿಯೇ ಬರುತ್ತದೆ. ಕೃತಕ ಬಣ್ಣ ಹೊರಗಿನಿಂದ ಒಳಕ್ಕೆ ತಿಳಿಯಾಗುತ್ತ ಹೋಗುತ್ತದೆ, ಮಜ್ಜೆಯ ಬಣ್ಣ ಮೂಳೆಯಿಂದ ಹೊರಕ್ಕೆ ತಿಳಿಯಾಗುತ್ತದೆ.

ಮನೆಯಲ್ಲಿ ಮಾಡಿದ ಕಬಾಬ್ ಆದರೆ ಚಿಂತೆಯಿಲ್ಲ ಎಂದುಕೊಂಡವರು ಅಂಗಡಿಯಿಂದ ತಂದ ಕಬಾಬ್ ಪುಡಿಯ ಪೊಟ್ಟಣವನ್ನು ತಿರುಗಿಸಿ ಓದಬೇಕು. ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ 102, 110, 122 ಅಥವಾ 124 ಎಂಬ ಸಂಖ್ಯೆ ಇದ್ದರೆ ಅವು ಕ್ರಮವಾಗಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್ ಮತ್ತು ಪೊನ್ಸೊ 4ಆರ್. 160ಸಿ ಎಂದಿದ್ದರೆ ಅದು ಮೆಣಸಿನಿಂದಲೇ ತೆಗೆದ ಬಣ್ಣ, 100 ಎಂದಿದ್ದರೆ ಅರಿಶಿನದ್ದು.

ಮನೆಯಲ್ಲಿ ಮಾಡುವ ನೀರಿನ ಪರೀಕ್ಷೆ

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಗಾಡಿಯಿಂದ ತಂದ ಕಬಾಬಿನ ಒಂದು ತುಂಡು, ಅದರ ಜೊತೆಗೆ ಮನೆಯಲ್ಲಿ ಬ್ಯಾಡಗಿ ಪುಡಿ, ಅರಿಶಿನ ಮಾತ್ರ ಹಾಕಿ ಕರಿದ ಅಷ್ಟೇ ದೊಡ್ಡದಾದ ಇನ್ನೊಂದು ತುಂಡು ಬೇಕು. ಹೋಲಿಸಲು ಎರಡನೆಯದು ಇಲ್ಲದಿದ್ದರೆ ಮೊದಲ ಸಲ ಮಾಡುವವರಿಗೆ ಫಲಿತಾಂಶ ಓದುವುದು ಕಷ್ಟವಾಗುತ್ತದೆ.

ಎರಡು ಗಾಜಿನ ಲೋಟಗಳಲ್ಲಿ ತಲಾ 100 ಮಿಲಿಲೀಟರಿನಷ್ಟು, ಅಂದರೆ ಅರ್ಧ ಲೋಟ, ಬೆರಳಿಗೆ ತಾಳುವಷ್ಟು ಬಿಸಿಯಾದ ನೀರನ್ನು ಹಾಕಿ ಬಿಳಿ ಕಾಗದದ ಮುಂದೆ ಇಡಬೇಕು. ಎರಡೂ ತುಂಡುಗಳನ್ನು ಮುರಿದು, ಒಂದೊಂದು ಲೋಟಕ್ಕೆ ಒಂದನ್ನು ಬಿಡಬೇಕು. ಕಲಕಬಾರದು. ಬಣ್ಣದ ಕಬಾಬಿನಿಂದ ಒಂದೆರಡು ನಿಮಿಷದೊಳಗೇ ತಿಳಿಯಾದ ಕಿತ್ತಳೆ ಎಳೆಗಳು ಕೆಳಕ್ಕೆ ಇಳಿಯತೊಡಗಿ, ಐದು ನಿಮಿಷಕ್ಕೆ ನೀರೆಲ್ಲ ಬಣ್ಣದ ಶರಬತ್ತಿನಂತಾಗುತ್ತದೆ. ನೀರು ಬಣ್ಣಗಟ್ಟಿದರೂ ಅದರ ಮೂಲಕ ಹಿಂದಿನ ಕಾಗದದ ಅಕ್ಷರ ಸ್ಪಷ್ಟವಾಗಿ ಕಾಣುವುದು ಕೃತಕ ಬಣ್ಣದ ಲಕ್ಷಣ. ಮನೆಯ ಕಬಾಬಿನ ಲೋಟದಲ್ಲಿ ನೀರು ಹಿಟ್ಟಿನಿಂದ ಸ್ವಲ್ಪ ಮಬ್ಬಾಗಿ ತೆಳುಹಳದಿಗೆ ತಿರುಗಬಹುದು, ತಳದಲ್ಲಿ ಮೆಣಸಿನಪುಡಿಯ ಕಣಗಳು ಕುಳಿತುಕೊಳ್ಳಬಹುದು. ಕೆಂಪು ಮಾತ್ರ ಮೇಲೆ ತೇಲುವ ಎಣ್ಣೆಯ ಹನಿಗಳಲ್ಲಿ ಇರುತ್ತದೆ. ಒಂದೇ ಲೋಟದಲ್ಲಿ ಮೇಲಿನ ಎಣ್ಣೆಯೂ ಕೆಂಪಾಗಿ, ಕೆಳಗಿನ ನೀರೂ ಕೆಂಪಾದರೆ, ಮೆಣಸಿನಪುಡಿ ಮತ್ತು ಕಲರ್ ಎರಡನ್ನೂ ಹಾಕಿದ್ದಾರೆ ಎಂದು ಅರ್ಥ. ಗಾಡಿಗಳಲ್ಲಿ ಇದೂ ಸಾಮಾನ್ಯ.

ಇನ್ನೂ ಅನುಮಾನವಿದ್ದರೆ ಉಣ್ಣೆಯ ಎಳೆಯಿಂದ ಖಚಿತಪಡಿಸಿಕೊಳ್ಳಬಹುದು. ಪ್ರಯೋಗಾಲಯಗಳಲ್ಲಿ ತಿಂಡಿಯಿಂದ ಬಣ್ಣವನ್ನು ಬೇರ್ಪಡಿಸಲು ಬಹುಕಾಲದಿಂದ ಬಳಸುತ್ತ ಬಂದಿರುವ ಕ್ರಮದ ಮನೆಯ ರೂಪ ಇದು. ಮೇಲೆ ತೇಲುವ ಎಣ್ಣೆಯನ್ನು ಚಮಚದಿಂದ ತೆಗೆದು, ನೀರನ್ನು ಬಟ್ಟೆಯಲ್ಲಿ ಸೋಸಿ, ಎರಡು ಚಮಚ ವಿನಿಗರ್ ಸೇರಿಸಿ ಸಣ್ಣ ಪಾತ್ರೆಯಲ್ಲಿ ಒಲೆಯ ಮೇಲಿಡಬೇಕು. ಗೇಣುದ್ದದ ಬಿಳಿ ಉಣ್ಣೆಯ ಎಳೆಯನ್ನು ಅದರೊಳಗೆ ಹಾಕಿ ಹತ್ತು ನಿಮಿಷ ಸಣ್ಣಗೆ ಕುದಿಸಿ, ತೆಗೆದು ನಲ್ಲಿಯ ಕೆಳಗೆ ತೊಳೆಯಬೇಕು. ಹುಳಿಯ ನೀರಿನಲ್ಲಿ ಈ ಬಣ್ಣಗಳು ಉಣ್ಣೆಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ತೊಳೆದರೂ ಎಳೆ ಕೆಂಪಾಗಿಯೋ ಕಿತ್ತಳೆಯಾಗಿಯೋ ಉಳಿಯುತ್ತದೆ. ಮೆಣಸಿನ ನೀರಿನಲ್ಲಿ ಕುದಿಸಿದ ಎಳೆ ಹೆಚ್ಚುಕಡಿಮೆ ಬೆಳ್ಳಗೆ ಹೊರಬರುತ್ತದೆ.

ಈ ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಎಳೆಯ ವಿಷಯದಲ್ಲಿ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ದಾರ ಬಹುಪಾಲು ಅಕ್ರಿಲಿಕ್ ಆಗಿರುತ್ತದೆ ಮತ್ತು ಅದು ಈ ಬಣ್ಣಗಳನ್ನು ಹಿಡಿಯುವುದಿಲ್ಲ. ತುದಿಗೆ ಬೆಂಕಿ ತಾಗಿಸಿದಾಗ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿದರೆ ಉಣ್ಣೆ, ಕರಗಿ ಗಟ್ಟಿ ಮಣಿಯಂತಾದರೆ ಅಕ್ರಿಲಿಕ್. ಹಳೆಯ ಬಿಳಿ ಕಂಬಳಿಯ ಅಂಚಿನಿಂದ ಕಿತ್ತ ಎಳೆ ಸಾಕಾಗುತ್ತದೆ. ಅರಿಶಿನವೂ ಉಣ್ಣೆಗೆ ಹಿಡಿಯುವುದರಿಂದ, ಹಳದಿಯಾದ ಎಳೆಯನ್ನು ನೋಡಿ ತೀರ್ಪು ಕೊಡಬಾರದು. ಹಳದಿಗೆ ಬೇರೆಯದೇ ಪರೀಕ್ಷೆ ಇದೆ.

ಹಳದಿಗೆ ಸುಣ್ಣ

ಆರತಿಗೆ ಕೆಂಪು ನೀರು ಮಾಡುವುದು ಹೇಗೆಂದು ಮಲೆನಾಡಿನ ಮನೆಗಳಲ್ಲಿ ಹೇಳಿಕೊಡಬೇಕಾಗಿಲ್ಲ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಅದು ಕೆಂಪಾಗುತ್ತದೆ. ಅರಿಶಿನದ ಬಣ್ಣ ಕ್ಷಾರದಲ್ಲಿ ಕೆಂಪಿಗೆ ತಿರುಗುವ ಗುಣದಿಂದ ಹೀಗಾಗುತ್ತದೆ. ಟಾರ್ಟ್ರಜೀನ್‌ಗೆ ಆ ಗುಣವಿಲ್ಲ, ಸುಣ್ಣ ಹಾಕಿದರೂ ಹಳದಿಯಾಗಿಯೇ ಇರುತ್ತದೆ.

ಖಾರಾಸೇವೆ, ಮಿಕ್ಸ್ಚರು, ಬೂಂದಿ, ಬಜ್ಜಿಯ ಮೇಲುಹೊದಿಕೆ, ಯಾವುದೇ ಹಳದಿ ತಿಂಡಿಯನ್ನು ಪುಡಿ ಮಾಡಿ ಬಿಳಿ ತಟ್ಟೆಯಲ್ಲಿ ಹರಡಿ, ಎಲೆಯಡಿಕೆಗೆ ಬಳಸುವ ಸುಣ್ಣವನ್ನು ನೀರಿನಲ್ಲಿ ಕದಡಿ ನಾಲ್ಕು ಹನಿ ಬಿಡಬೇಕು. ಕಂದುಗೆಂಪಾದರೆ ಅದರಲ್ಲಿ ಅರಿಶಿನವಿದೆ. ಬಣ್ಣ ಬದಲಾಗದೆ ಹಳದಿಯೇ ಮಿಂಚುತ್ತಿದ್ದರೆ ಆ ಹಳದಿ ಅರಿಶಿನದ್ದಲ್ಲ. ಕೆಲವೊಮ್ಮೆ ಎರಡನ್ನೂ ಬೆರೆಸಿರುತ್ತಾರೆ, ಆಗ ಕಂದುಗೆಂಪಿನ ಚುಕ್ಕೆಗಳ ಸುತ್ತ ನಿಂಬೆಹಳದಿ ನೀರು ಹರಡಿಕೊಳ್ಳುವುದನ್ನು ಕಾಣಬಹುದು. ಪರೀಕ್ಷಿಸಿದ ತಿಂಡಿಯನ್ನು ಬಿಸಾಡಬೇಕು, ಕೈಯನ್ನು ತೊಳೆದುಕೊಳ್ಳಬೇಕು.

ಇದೇ ಗುಣದಿಂದ ಒಂದು ಸುಳ್ಳು ಗಾಬರಿಯೂ ಹುಟ್ಟುತ್ತದೆ. ಮಳೆಗಾಲದ ಸಂಜೆ ತಂದ ಬಜ್ಜಿಯಲ್ಲಿ ಅಲ್ಲಲ್ಲಿ ಕೆಂಪು ಮಚ್ಚೆಗಳಿವೆ ಎಂದು ಕೆಲವರು ಎಸೆಯುತ್ತಾರೆ. ಹಿಟ್ಟಿಗೆ ಅಡಿಗೆ ಸೋಡಾ ಜಾಸ್ತಿಯಾಗಿ, ಅದು ಅರಿಶಿನಕ್ಕೆ ತಾಗಿದ ಜಾಗವೆಲ್ಲ ಕೆಂಪಾಗಿರುತ್ತದೆ. ಅದು ಭಟ್ಟರ ಕೈ ಅಳತೆಯ ದೋಷ, ಬಣ್ಣದ ದೋಷವಲ್ಲ.

ಕೇಸರಿಯ ವಿಷಯದಲ್ಲಿ ಮಾತ್ರ ಈ ಎರಡೂ ಪರೀಕ್ಷೆಗಳು ಕೈಕೊಡುತ್ತವೆ. ನಿಜವಾದ ಕೇಸರಿಯ ಬಣ್ಣ ನೀರಿನಲ್ಲಿ ಕರಗುತ್ತದೆ, ಸುಣ್ಣಕ್ಕೆ ಕೆಂಪಾಗುವುದೂ ಇಲ್ಲ. ಅಲ್ಲಿ ನಿರ್ಧಾರಕ್ಕೆ ಬರಲು ಬೆಲೆ ನೋಡಿದರೆ ಸಾಕು. ಕೇಸರಿಯ ಬೆಲೆಯಲ್ಲಿ ಕಿಲೋಗಟ್ಟಲೆ ಜಹಾಂಗೀರಿಗೆ ಬಣ್ಣ ಕಟ್ಟಲು ಯಾವ ಅಂಗಡಿಗೂ ಪೂರೈಸುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ‘ಕೇಸರಿ ಪುಡಿ’ ಎಂದು ಪುಟ್ಟ ಡಬ್ಬಿಯಲ್ಲಿ ಕೊಡುವುದು ಕೇಸರಿಯಲ್ಲ, ಅದೇ ಸಿಂಥೆಟಿಕ್ ಬಣ್ಣ.

ಸಿಹಿತಿಂಡಿ: ಇದೆಯೋ ಎಂಬುದಕ್ಕಿಂತ ಎಷ್ಟಿದೆ ಎಂಬುದು

ಜಹಾಂಗೀರನ್ನು ಮಾಡುವುದು ಉದ್ದಿನಬೇಳೆಯಿಂದ. ರುಬ್ಬಿದ ಉದ್ದು ಬಿಳಿ, ಸಕ್ಕರೆ ಪಾಕ ಬಿಳಿ. ಆದ್ದರಿಂದ ಕಿತ್ತಳೆ ಬಣ್ಣದ ಜಹಾಂಗೀರಿನಲ್ಲಿ ಬಣ್ಣ ಹಾಕಿರುವ ಬಗ್ಗೆ ಅನುಮಾನವೇ ಬೇಡ, ನಿಯಮವೂ ಮಿತಿಯೊಳಗೆ ಅದಕ್ಕೆ ಅವಕಾಶ ಕೊಟ್ಟಿದೆ. ತೊಂದರೆ ಇರುವುದು ಆ ಮಿತಿಯನ್ನು ಕೈಯಲ್ಲಿ ಹಿಡಿಯುವುದು ಎಷ್ಟು ಕಷ್ಟ ಎಂಬಲ್ಲಿ. ಕಿಲೋಗೆ 100 ಮಿಲಿಗ್ರಾಂ ಎಂದರೆ ಒಂದು ಗ್ರಾಂ ಶುದ್ಧ ಬಣ್ಣ 10 ಕಿಲೋ ಸಿಹಿಗೆ ಆಗಬೇಕು. ತಕ್ಕಡಿ ಇಲ್ಲದೆ ಚಮಚದಲ್ಲಿ ಹಾಕುವ ಭಟ್ಟರು 5 ಕಿಲೋ ಜಹಾಂಗೀರಿಗೆ ಸುಮಾರು 3 ಗ್ರಾಂ ಬಣ್ಣ ಹಾಕಿದರು ಎಂದಿಟ್ಟುಕೊಳ್ಳೋಣ. ಆಗ ಕಿಲೋಗೆ 600 ಮಿಲಿಗ್ರಾಂ ಆಯಿತು, ಮಿತಿಯ ಆರು ಪಟ್ಟು. ಅಂಗಡಿಯ ಬಣ್ಣದ ಪುಡಿಯಲ್ಲಿ ಎಷ್ಟೋ ಸಲ ಉಪ್ಪು ಅಥವಾ ಸಕ್ಕರೆ ಬೆರೆತಿರುತ್ತದೆ, ಹಾಗಿದ್ದರೆ ಪ್ರಮಾಣ ಇಳಿಯುತ್ತದೆ. ಆದರೆ ಒಂದು ಕಂಪನಿಯ ಚಮಚವೂ ಇನ್ನೊಂದರ ಚಮಚವೂ ಸಮವಲ್ಲದ ಕಾರಣ ಅಳತೆ ಇನ್ನಷ್ಟು ದಾರಿ ತಪ್ಪುತ್ತದೆ.

ಇದು ಮಗುವಿನ ಹೊಟ್ಟೆಗೆ ಎಷ್ಟಾಗುತ್ತದೆ ಎಂದು ನೋಡೋಣ. ಆಹಾರ ಸಂಯೋಜಕಗಳ ಅಂತರರಾಷ್ಟ್ರೀಯ ತಜ್ಞರ ಸಮಿತಿ ಸನ್‌ಸೆಟ್ ಯೆಲ್ಲೋಗೆ ಇಟ್ಟಿರುವ ದಿನದ ಮಿತಿ, ದೇಹತೂಕದ ಕಿಲೋಗೆ 4 ಮಿಲಿಗ್ರಾಂ. ಹದಿನೈದು ಕಿಲೋ ತೂಗುವ ಮಗುವಿಗೆ ಅದು ದಿನಕ್ಕೆ 60 ಮಿಲಿಗ್ರಾಂ. ನಿಯಮದಂತೆ ಮಾಡಿದ ಜಹಾಂಗೀರನ್ನು ಆ ಮಗು 100 ಗ್ರಾಂ ತಿಂದರೆ ಹೊಟ್ಟೆಗೆ ಹೋಗುವುದು 10 ಮಿಲಿಗ್ರಾಂ, ಚಿಂತಿಸಬೇಕಾದ ಪ್ರಮಾಣವಲ್ಲ. ಮೇಲಿನ ಲೆಕ್ಕದ ಜಹಾಂಗೀರಾದರೆ ಅಷ್ಟರಿಂದಲೇ 60 ತಲುಪಿತು, ಅದೇ ದಿನ ಕುಡಿದ ಬಣ್ಣದ ಶರಬತ್ತು, ತಿಂದ ಐಸ್‌ಕ್ಯಾಂಡಿ ಇನ್ನೂ ಸೇರಿಲ್ಲ. ಈ ಮಿತಿ ಆಯುಷ್ಯಪೂರ್ತಿ ದಿನವೂ ತಿಂದರೆ ಎಂಬ ಲೆಕ್ಕದ್ದಾದ್ದರಿಂದ ಒಂದು ದಿನ ಮೀರಿದರೆ ಅನಾಹುತವಾಗುತ್ತದೆ ಎಂದಲ್ಲ. ಟಾರ್ಟ್ರಜೀನ್‌ಗೆ ಕೆಲವರಲ್ಲಿ ಮೈಮೇಲೆ ದದ್ದು ಏಳುವುದುಂಟು. ಯುರೋಪಿನಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್, ಪೊನ್ಸೊ 4ಆರ್ ಸೇರಿದಂತೆ ಆರು ಬಣ್ಣಗಳಿರುವ ತಿಂಡಿಯ ಮೇಲೆ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪರಿಣಾಮವಾಗಬಹುದು ಎಂಬ ಎಚ್ಚರಿಕೆಯನ್ನು 2010ರಿಂದ ಕಡ್ಡಾಯವಾಗಿ ಮುದ್ರಿಸುತ್ತಾರೆ. ನಮ್ಮಲ್ಲಿ ಪೊಟ್ಟಣದ ಸಿಹಿಯ ಮೇಲೆ ಸಿಂಥೆಟಿಕ್ ಬಣ್ಣ ಇದೆ ಎಂಬುದನ್ನಾದರೂ ಬರೆದಿರಬೇಕು. ಜಾತ್ರೆಯಲ್ಲಿ ತೂಕ ಮಾಡಿ ಕಟ್ಟಿಕೊಡುವ ಜಿಲೇಬಿಗೆ ಅಂಥ ಚೀಟಿಯೇ ಇರುವುದಿಲ್ಲ.

ಅತಿಬಣ್ಣದ ಸಿಹಿಯನ್ನು ಅಂಗಡಿಯಲ್ಲೇ ಗುರುತಿಸಲು ಒದ್ದೆ ಟಿಶ್ಯೂ ಕಾಗದ ಸಾಕು. ರುಚಿ ನೋಡಲು ಕೊಟ್ಟ ಚೂರನ್ನು ಒದ್ದೆ ಕಾಗದದ ಮೇಲಿಟ್ಟು ಹತ್ತು ಎಣಿಸಬೇಕು. ಮಿತವಾದ ಬಣ್ಣ ತೆಳುವಾದ ಗುರುತು ಬಿಡುತ್ತದೆ. ಅತಿಯಾದದ್ದು ಕಾಗದದಲ್ಲಿ ಹಬ್ಬಿ, ಕೆಳಗಿನ ಎರಡನೆಯ ಪದರಕ್ಕೂ ಇಳಿಯುತ್ತದೆ. ಟ್ರೇಯ ತಳದಲ್ಲಿ ನಿಂತ ಪಾಕವನ್ನು ಕೂಡ ನೋಡಬೇಕು. ಕಡಿಮೆ ಬಣ್ಣ ಹಾಕಿದಲ್ಲಿ ಪಾಕ ಜೇನಿನ ಛಾಯೆಯಲ್ಲಿರುತ್ತದೆ, ಹೆಚ್ಚಾದಲ್ಲಿ ತಿಂಡಿಗಿಂತ ಪಾಕವೇ ಗಾಢವಾಗಿ ಕಾಣುತ್ತದೆ. ತಿಂದ ಮೇಲೆ ನಾಲಿಗೆ ಬಹಳ ಹೊತ್ತು ಕಿತ್ತಳೆಯಾಗಿ ಉಳಿದರೆ, ಬೆರಳಿನ ಕಲೆ ಸೋಪಿಗೂ ಸುಲಭವಾಗಿ ಜಗ್ಗದಿದ್ದರೆ, ಪ್ರಮಾಣ ಮೀರಿದೆ ಎಂದುಕೊಳ್ಳುವುದಕ್ಕೆ ಕಾರಣವಿದೆ.

ಎರಡು ಅಂಗಡಿಗಳನ್ನು ಹೋಲಿಸುವವರು ಎರಡರಿಂದಲೂ 10 ಗ್ರಾಂ ತೂಕದ ಜಹಾಂಗೀರನ್ನು ತಂದು, ತಲಾ 100 ಮಿಲಿಲೀಟರ್ ಬಿಸಿನೀರಿನಲ್ಲಿ ಹಿಚುಕಿ, ಸೋಸಿ, ಒಂದೇ ಅಳತೆಯ ಲೋಟಗಳಲ್ಲಿ ಅಕ್ಕಪಕ್ಕ ಇಡಬೇಕು. ಗಾಢವಾದದ್ದಕ್ಕೆ ಅಳತೆ ಮಾಡುತ್ತ ನೀರು ಸೇರಿಸಿ, ಅದು ತಿಳಿಯಾದದ್ದರ ಮಟ್ಟಕ್ಕೆ ಬರಲು ಎಷ್ಟು ಬೇಕಾಯಿತು ಎಂದು ನೋಡಿದರೆ, ಒಂದಕ್ಕಿಂತ ಇನ್ನೊಂದರಲ್ಲಿ ಎಷ್ಟು ಪಟ್ಟು ಬಣ್ಣವಿದೆ ಎಂಬ ಅಂದಾಜು ಸಿಗುತ್ತದೆ. ಎರಡರ ಛಾಯೆಯೂ ಒಂದೇ ಆಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಮಿಲಿಗ್ರಾಂ ಎಷ್ಟು ಎಂಬುದನ್ನು ಇದು ಹೇಳುವುದಿಲ್ಲ.

ಹಸಿರು ಬರ್ಫಿಯ ವಿಷಯದಲ್ಲಿ ಇನ್ನೊಂದು ಸೊಗಸಾದ ಉಪಾಯವಿದೆ. ನಿಜವಾದ ಪಿಸ್ತಾದ ಹಸಿರು ಮಂಕಾದದ್ದು, ಹಾಲು ಸಕ್ಕರೆ ಸೇರಿ ಕಾದ ಮೇಲೆ ಇನ್ನಷ್ಟು ಕಂದುತ್ತದೆ. ಗಿಳಿಹಸಿರಿನ ಬರ್ಫಿಗೆ ಸಾಮಾನ್ಯವಾಗಿ ಹಳದಿ ಮತ್ತು ನೀಲಿ ಬಣ್ಣಗಳನ್ನು ಬೆರೆಸಿರುತ್ತಾರೆ. ಬರ್ಫಿಯ ಚೂರನ್ನು ಒಂದೆರಡು ಚಮಚ ಬಿಸಿನೀರಿನಲ್ಲಿ ಹಿಚುಕಿ ಸೋಸಿಕೊಳ್ಳಬೇಕು. ಎರಡು ಬೆರಳಗಲದ ಸೋಸುಕಾಗದದ ಪಟ್ಟಿಯಲ್ಲಿ, ತುದಿಯಿಂದ ಎರಡು ಸೆಂಟಿಮೀಟರ್ ಮೇಲೆ ಈ ನೀರಿನ ಹನಿಯನ್ನು ಇಟ್ಟು ಒಣಗಿಸಿ, ಅದೇ ಜಾಗಕ್ಕೆ ಮತ್ತೆ ಮತ್ತೆ ಹನಿಯಿಟ್ಟು ಚುಕ್ಕೆ ಗಾಢವಾಗುವಂತೆ ಮಾಡಬೇಕು. ಲೋಟದಲ್ಲಿ ಒಂದು ಸೆಂಟಿಮೀಟರ್ ಎತ್ತರಕ್ಕೆ, ಚಿಟಿಕೆ ಉಪ್ಪು ಹಾಕಿದ ನೀರನ್ನು ತೆಗೆದುಕೊಂಡು, ಚುಕ್ಕೆ ನೀರಿಗೆ ಮುಳುಗದಂತೆ ಪಟ್ಟಿಯನ್ನು ಇಳಿಬಿಟ್ಟರೆ, ನೀರು ಏರುತ್ತ ಹೋದಂತೆ ಇಪ್ಪತ್ತು ನಿಮಿಷದಲ್ಲಿ ಹಸಿರು ಚುಕ್ಕೆ ಹಳದಿಯಾಗಿಯೂ ನೀಲಿಯಾಗಿಯೂ ಬೇರೆಯಾಗುತ್ತದೆ. ಪಿಸ್ತಾದಲ್ಲಿ ನೀಲಿ ಇರುವುದಿಲ್ಲ.

ಬಾಂಬೆ ಮಿಠಾಯಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಬಿಳಿಯದನ್ನು ಕೊಡಿಸಿದರೆ ಆಯಿತು.

ಈ ಪರೀಕ್ಷೆಗಳು ಎಲ್ಲಿ ನಿಲ್ಲುತ್ತವೆ

ಸುಡಾನ್ ಎಂಬ ಗುಂಪಿನ ನಿಷೇಧಿತ ಬಣ್ಣಗಳು ಮೆಣಸಿನ ಬಣ್ಣದಂತೆಯೇ ಎಣ್ಣೆಯಲ್ಲಿ ಕರಗುತ್ತವೆ. ಮೆಣಸಿನಪುಡಿಗೇ ಅದನ್ನು ಬೆರೆಸಿದ್ದರೆ ನೀರಿನ ಪರೀಕ್ಷೆಯಲ್ಲಿ ಕಬಾಬ್ ನಿರ್ದೋಷಿಯಾಗಿ ಕಾಣುತ್ತದೆ, ಪ್ರಯೋಗಾಲಯದಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಕಡಲೆಹಿಟ್ಟಿಗೆ ಬೆರೆಸುವ ಮೆಟಾನಿಲ್ ಯೆಲ್ಲೋ ಎಂಬ ನಿಷೇಧಿತ ಬಣ್ಣ ಪ್ರಬಲ ಆಮ್ಲದಲ್ಲಿ ಗುಲಾಬಿಗೆ ತಿರುಗುತ್ತದೆ, ಆದರೆ ಅದಕ್ಕೆ ನಿಂಬೆರಸದ ಹುಳಿ ಸಾಲದು. ಹೈಡ್ರೋಕ್ಲೋರಿಕ್ ಆಮ್ಲವನ್ನು ಅಡಿಗೆಮನೆಗೆ ತರುವ ಸಾಹಸವನ್ನು ಮಾಡಬಾರದು. ಬೀಟ್‌ರೂಟಿನ ಬಣ್ಣವೂ ನೀರಿನಲ್ಲಿ ಕರಗುತ್ತದೆ, ಆದರೆ ಹತ್ತು ನಿಮಿಷ ಕುದಿಸಿದರೆ ಮಂಕಾಗುತ್ತದೆ, ಕರಿದ ತಿಂಡಿಯಲ್ಲಂತೂ ಹೊಳಪಿನಿಂದ ಉಳಿಯುವುದಿಲ್ಲ.

ಮನೆಯ ಲೋಟದಲ್ಲಿ ಕಂಡದ್ದು ಯಾರ ಮೇಲೂ ಸಾಕ್ಷಿಯಾಗದು. ಸಾಕ್ಷಿ ಬೇಕೆನಿಸಿದವರಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೆಯ ಕಲಂ ದಾರಿ ಕೊಟ್ಟಿದೆ. ಯಾವುದೇ ಗ್ರಾಹಕ ಶುಲ್ಕ ಕಟ್ಟಿ ತಿಂಡಿಯನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಆದರೆ ಕೊಳ್ಳುವ ಹೊತ್ತಿನಲ್ಲೇ ‘ಇದನ್ನು ಪರೀಕ್ಷೆಗೆ ಕೊಡುತ್ತೇನೆ’ ಎಂದು ಅಂಗಡಿಯವರಿಗೆ ತಿಳಿಸಿರಬೇಕು. ಅಷ್ಟು ದೂರ ಹೋಗಲು ಮನಸ್ಸಿಲ್ಲದವರು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಬರೆದು ಕೊಡಬಹುದು, ಅಥವಾ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ದಾಖಲಿಸಬಹುದು. ಬಿಲ್ಲು, ದಿನ, ಹೊತ್ತು, ಅಂಗಡಿಯಲ್ಲಿ ತೂಗುಹಾಕಿದ ಆಹಾರ ಪರವಾನಗಿಯ 14 ಅಂಕಿಗಳ ಸಂಖ್ಯೆ ಇದ್ದರೆ ದೂರು ಮುಂದಕ್ಕೆ ಹೋಗುತ್ತದೆ. ಕಬಾಬಿನ ನಿಷೇಧವನ್ನು ಮೀರಿದವರಿಗೆ ಏಳು ವರ್ಷದಿಂದ ಜೀವಾವಧಿಯವರೆಗಿನ ಶಿಕ್ಷೆ, 10 ಲಕ್ಷ ರೂಪಾಯಿವರೆಗಿನ ದಂಡ ಎಂದು 2024ರ ಆದೇಶ ಎಚ್ಚರಿಸಿದೆ. ಇಷ್ಟು ಭಾರದ ಶಿಕ್ಷೆ ಇರುವಾಗ ಬರಿಯ ಅನುಮಾನದ ಮೇಲೆ ಗಾಡಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಂಚುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಸಮಾರಂಭಕ್ಕೆ ಹೇಳಿ ಮಾಡಿಸುವಾಗ

ಹೆಚ್ಚು ಬಣ್ಣ ಮನೆಯೊಳಕ್ಕೆ ಬರುವುದು ಮದುವೆ, ಗೃಹಪ್ರವೇಶಗಳ ದೊಡ್ಡ ಅಡಿಗೆಯಲ್ಲಿ, ಅದನ್ನು ತಡೆಯುವುದು ಸುಲಭವಾಗಿರುವುದೂ ಅಲ್ಲೇ. ಅಡಿಗೆ ಭಟ್ಟರಿಗೆ ‘ಕಲರ್ ಕಡಿಮೆ ಹಾಕಿ’ ಎಂದರೆ ಪ್ರಯೋಜನವಾಗದು, ಅವರ ಕಡಿಮೆಯೇ ಬೇರೆ. ‘ಭಟ್ರೇ, ಕೇಸರಿಬಾತಿಗೆ, ಬೂಂದಿಗೆ ಕಲರ್ ಬೇಡವೇ ಬೇಡ, ಬಿಳಿಯಾಗಿದ್ರೂ ಅಡ್ಡಿಯಿಲ್ಲ’ ಎಂದು ಸಾಮಾನಿನ ಪಟ್ಟಿ ಬರೆಯುವ ದಿನವೇ ಹೇಳಿ, ಪಟ್ಟಿಯಲ್ಲಿ ಕೇಸರಿ ಪುಡಿ, ಜಿಲೇಬಿ ಕಲರ್ ಎಂಬ ಸಾಲುಗಳನ್ನು ಹೊಡೆದು ಹಾಕಬೇಕು. ಬಣ್ಣ ಬೇಕೇಬೇಕು ಎಂದು ಹಿರಿಯರು ಪಟ್ಟು ಹಿಡಿದರೆ ಬೂಂದಿಯ ಹಿಟ್ಟಿಗೆ ಅರಿಶಿನ, ಕೇಸರಿಬಾತಿಗೆ ಹಾಲಿನಲ್ಲಿ ನೆನೆಸಿದ ನಾಲ್ಕಾರು ಕೇಸರಿ ಎಸಳು ಸಾಕು. ಬೂಂದಿಗೆ ಅರಿಶಿನ ಹಾಕಿದಾಗ ಸೋಡಾ ಬಿಡಬೇಕು, ಇಲ್ಲದಿದ್ದರೆ ಲಡ್ಡುವಿನ ಮೈಮೇಲೆ ಅದೇ ಕೆಂಪು ಮಚ್ಚೆಗಳು ಏಳುತ್ತವೆ. ಕಬಾಬಿಗಾದರೆ ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು, ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಆ ಮಸಾಲೆಗೆ ಒಂದೆರಡು ಚಮಚ ಎಣ್ಣೆಯನ್ನು ಮೊದಲೇ ಕಲಸಿಟ್ಟರೆ ಕೆಂಪು ಎಣ್ಣೆಗೆ ಬಿಟ್ಟುಕೊಂಡು ತುಂಡಿನ ಮೇಲೆ ಸಮನಾಗಿ ಹರಡುತ್ತದೆ. ಮಧ್ಯಮ ಉರಿಯಲ್ಲಿ, ಸಣ್ಣ ತುಂಡುಗಳಾಗಿ, ಬೆಂದ ಕೂಡಲೇ ತೆಗೆದರೆ ಅದು ಕಂದುವ ಮುನ್ನವೇ ತಟ್ಟೆಗೆ ಬರುತ್ತದೆ.